ಯಾರು ಕೇಳಿದರು, ಯಾರೆದುರು ಕೇಳಿದರು: ಕೋರೆಕ್ ಪಟ್ಟಿ ಮತ್ತು ಸಂದರ್ಶನ ಅಧ್ಯಯನದ ವರದಿ

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಿಣಿಯರು ಆರೋಗ್ಯ ಇಲಾಖೆ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಯಾಕೆ ಪೂರ್ತಿ ನುಂಗುವುದಿಲ್ಲ ಎಂದು ತಿಳಿಯಲು ಒಂದು ಅಧ್ಯಯನ ನಡೆದಿದೆ ಎಂದಿಟ್ಟುಕೊಳ್ಳೋಣ. ಅಧ್ಯಯನ ಕಲ್ಪಿತ, ಆದರೆ ಅದರ ವರದಿಯ ಧಾಟಿ ಎಲ್ಲರಿಗೂ ಗೊತ್ತಿರುವುದೇ: "20 ಗರ್ಭಿಣಿಯರೊಂದಿಗೆ ಆಳ ಸಂದರ್ಶನ ನಡೆಸಲಾಯಿತು. ಸಂದರ್ಶನಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಥೀಮ್‌ಗಳಾಗಿ ವಿಶ್ಲೇಷಿಸಲಾಯಿತು. ಸ್ಯಾಚುರೇಶನ್ ತಲುಪಿದ ಮೇಲೆ ಸಂದರ್ಶನ ನಿಲ್ಲಿಸಲಾಯಿತು." ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೂ ಓದುಗರಿಗೆ ಬೇಕಾದದ್ದು ಇಲ್ಲಿ ಬಹುಪಾಲು ಇಲ್ಲ. ಪ್ರಶ್ನೆ ಕೇಳಿದವರು ಯಾರು? ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೋ, ಬೆಂಗಳೂರಿನಿಂದ ಬಂದ ಸ್ನಾತಕೋತ್ತರ ವಿದ್ಯಾರ್ಥಿಯೋ? ಆ ಇಪ್ಪತ್ತು ಜನರನ್ನು ಗುರುತಿಸಿ ಕರೆತಂದವರು ಯಾರು? ಮಾತಾಡುವಾಗ ಪಕ್ಕದಲ್ಲಿ ಯಾರಿದ್ದರು? ಎಷ್ಟು ಜನ ಬರುವುದಿಲ್ಲ ಎಂದರು?

ಇಂಥ ಪ್ರಶ್ನೆಗಳನ್ನು ಕೇಳಲೆಂದೇ ಹುಟ್ಟಿದ್ದು ಕೋರೆಕ್ ಎಂಬ ತಪಾಸಣಾ ಪಟ್ಟಿ. ಆರೋಗ್ಯ ಸಂಶೋಧನೆಯಲ್ಲಿ ಸಂದರ್ಶನ ಮತ್ತು ಗುಂಪು ಚರ್ಚೆಗಳ ವರದಿ ಬರೆಯುವವರು ಇದನ್ನು ತುಂಬಿ ಪ್ರಬಂಧದ ಜೊತೆ ಕಳಿಸಬೇಕೆಂದು ಹಲವು ನಿಯತಕಾಲಿಕೆಗಳು ಕೇಳುತ್ತವೆ. ಅದೇ ಪಟ್ಟಿಯ ಮೇಲೆ ಗುಣಾತ್ಮಕ ಸಂಶೋಧಕರಲ್ಲೇ ದೊಡ್ಡ ಭಿನ್ನಮತವೂ ಇದೆ. ಈ ಭಿನ್ನಮತದ ಬೇರು ಒಂದೇ ಕಡೆ ಇದೆ ಎಂದು ನನ್ನ ಅನಿಸಿಕೆ. "ನೀವು ಏನು ಮಾಡಿದಿರಿ, ಹೇಳಿ" ಎಂದು ಕೇಳುವ ಪಟ್ಟಿಯನ್ನು ಬರೆಯುವವರೂ ವಿಮರ್ಶಕರೂ "ಇವನ್ನೆಲ್ಲ ಮಾಡಿರಬೇಕು" ಎಂಬ ಆದೇಶವಾಗಿ ಓದುತ್ತಾರೆ. ಕೆಲವು ಅಂಶಗಳ ವಿಷಯದಲ್ಲಿ ಹಾಗೆ ಓದುವುದಕ್ಕೆ ಪಟ್ಟಿಯೇ ಎಡೆ ಮಾಡಿಕೊಟ್ಟಿದೆ.

## ಪಟ್ಟಿ ಹುಟ್ಟಿದ ಬಗೆ

1990ರ ದಶಕದಲ್ಲಿ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಎರಡು ಬದಲಾವಣೆಗಳು ಹೆಚ್ಚುಕಡಿಮೆ ಒಟ್ಟಿಗೇ ಆದವು. ಔಷಧ ಪ್ರಯೋಗಗಳ ವರದಿಗೆ 1996ರಲ್ಲಿ ಕನ್ಸಾರ್ಟ್ ಎಂಬ ಪಟ್ಟಿ ಬಂತು. ಪ್ರಯೋಗದಲ್ಲಿ ಏನು ನಡೆಯಿತೆಂದು ಬರೆಯದೆ ಫಲಿತಾಂಶವನ್ನಷ್ಟೇ ಮುಂದಿಡುವಂತಿಲ್ಲ ಎಂಬ ಸಂಪ್ರದಾಯ ಅಲ್ಲಿಂದ ಬೇರೂರಿತು. ಅದರ ಹಿಂದಿನ ವರ್ಷ, 1995ರಲ್ಲಿ, ಕ್ಯಾಥರಿನ್ ಪೋಪ್ ಮತ್ತು ನಿಕೊಲಸ್ ಮೇಸ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗುಣಾತ್ಮಕ ವಿಧಾನಗಳನ್ನು ವೈದ್ಯರಿಗೆ ಪರಿಚಯಿಸುವ ಲೇಖನಮಾಲೆ ಬರೆದಿದ್ದರು. ಸಂದರ್ಶನ ಆಧರಿಸಿದ ಪ್ರಬಂಧಗಳು ಹೆಚ್ಚಿದವು. ಅವನ್ನು ತೂಗಿ ನೋಡಬೇಕಾದ ಸಂಪಾದಕರು ಮಾತ್ರ ಸಂಖ್ಯೆ, ಶೇಕಡಾವಾರುಗಳಲ್ಲೇ ಪಳಗಿದವರು. ಹಾಗಾಗಿ ಆ ದಶಕದ ಕೊನೆಯ ಹೊತ್ತಿಗೆ ಗುಣಾತ್ಮಕ ಪ್ರಬಂಧಗಳನ್ನು ಅಳೆಯುವ ಹತ್ತಾರು ಪಟ್ಟಿಗಳು ಚಲಾವಣೆಗೆ ಬಂದವು, ಒಂದಕ್ಕೊಂದು ತಾಳೆಯಿರಲಿಲ್ಲ.

ಸಿಡ್ನಿಯ ಅಲಿಸನ್ ಟಾಂಗ್, ಪೀಟರ್ ಸೇನ್ಸ್‌ಬರಿ ಮತ್ತು ಜೊನಾಥನ್ ಕ್ರೇಗ್ ಈ ಚೆಲ್ಲಾಪಿಲ್ಲಿಯನ್ನು ಒಂದೆಡೆ ಸೇರಿಸಲು ಹೊರಟರು. 22 ಹಳೆಯ ಪಟ್ಟಿಗಳನ್ನು ಹುಡುಕಿ, ಅವುಗಳಿಂದ 76 ಅಂಶಗಳನ್ನು ತೆಗೆದು, ಒಂದೇ ಮಾತನ್ನು ಎರಡು ಸಲ ಹೇಳುವಂಥವನ್ನೂ ಅಸ್ಪಷ್ಟವಾದವನ್ನೂ ಬಿಟ್ಟು, 32 ಅಂಶಗಳಿಗೆ ಇಳಿಸಿದರು. 2007ರಲ್ಲಿ ಅದು ಪ್ರಕಟವಾಯಿತು. ಮೊದಲ 8 ಅಂಶ ಸಂಶೋಧಕರ ತಂಡದ ಬಗ್ಗೆ, ನಡುವಿನ 15 ಅಂಶ ಅಧ್ಯಯನದ ವಿನ್ಯಾಸದ ಬಗ್ಗೆ, ಕೊನೆಯ 9 ಅಂಶ ವಿಶ್ಲೇಷಣೆ ಮತ್ತು ಫಲಿತಾಂಶದ ಬಗ್ಗೆ. ಪಟ್ಟಿಯ ವ್ಯಾಪ್ತಿ ಆಳ ಸಂದರ್ಶನ ಮತ್ತು ಗುಂಪು ಚರ್ಚೆಗಳಿಗೆ ಮಾತ್ರ ಎಂದು ಅದರ ಶೀರ್ಷಿಕೆಯಲ್ಲೇ ಹೇಳಿದೆ. ಹೊಲದಲ್ಲೋ ವಾರ್ಡಿನಲ್ಲೋ ತಿಂಗಳುಗಟ್ಟಲೆ ಇದ್ದು ನೋಡಿ ಬರೆಯುವ ಅಧ್ಯಯನಕ್ಕೆ ಅದು ಮಾಡಿದ್ದಲ್ಲ. ಈ ಮಿತಿಯನ್ನು ಮರೆತು ಎಲ್ಲ ಬಗೆಯ ಗುಣಾತ್ಮಕ ಕೆಲಸಕ್ಕೂ ಅದನ್ನೇ ಕೇಳುವ ರೂಢಿ ಬಂದಿದೆ.

## ಓದುಗರ ಪರವಾಗಿ ಕೇಳುವವರು

ಪಟ್ಟಿಯನ್ನು ಬೆಂಬಲಿಸುವವರ ವಾದ ಸರಳ. ಸಂದರ್ಶನದಲ್ಲಿ ಅಳತೆಯ ಸಾಧನ ಮನುಷ್ಯನೇ. ಉತ್ತರ ಹೊರಬರುವುದು ಕೇಳುವವರ ಮತ್ತು ಹೇಳುವವರ ನಡುವಿನ ಸಂಬಂಧದಿಂದ. ಆ ಸಂಬಂಧ ಎಂಥದೆಂದು ತಿಳಿಯದಿದ್ದರೆ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಓದುಗರಿಗೆ ತಿಳಿಯುವುದಿಲ್ಲ. ಈ ವಾದದ ಬಲ ಪೂರ್ತಿ ಕಾಣುವುದು ಮೊದಲ ಎಂಟು ಅಂಶಗಳಲ್ಲಿ: ಸಂದರ್ಶನ ಮಾಡಿದವರು ಯಾರು, ಓದಿದ್ದೇನು, ಉದ್ಯೋಗವೇನು, ಗಂಡೋ ಹೆಣ್ಣೋ, ಪಡೆದ ತರಬೇತಿ ಏನು, ಮೊದಲೇ ಪರಿಚಯವಿತ್ತೇ, ಸಂದರ್ಶಕರ ಬಗ್ಗೆ ಎದುರಿನವರಿಗೆ ಏನು ಗೊತ್ತಿತ್ತು, ಸಂದರ್ಶಕರ ಪೂರ್ವಗ್ರಹ ಮತ್ತು ಆಸಕ್ತಿಗಳೇನು.

15ನೇ ಅಂಶವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. "ಸಂದರ್ಶನದ ವೇಳೆ ಬೇರೆ ಯಾರಾದರೂ ಇದ್ದರೇ?" ಎಂಬುದಷ್ಟೇ ಅದರ ಪ್ರಶ್ನೆ. ನಮ್ಮ ಕಲ್ಪಿತ ಅಧ್ಯಯನದಲ್ಲಿ ಐದು ತಿಂಗಳ ಗರ್ಭಿಣಿಯೊಬ್ಬಳು ಮನೆಯ ಪಡಸಾಲೆಯಲ್ಲಿ ಕೂತು ಹೇಳುತ್ತಾಳೆ: "ತಗೊಳ್ತೀನ್ರೀ. ಒಮ್ಮೊಮ್ಮಿ ನೆನಪು ಹಾರ್ತದ." ಮೂರು ದಿನದ ನಂತರ ಅಂಗನವಾಡಿಯಲ್ಲಿ ಅವಳೊಬ್ಬಳೇ ಸಿಕ್ಕಾಗ ಮಾತು ಬೇರೆಯೇ: "ಗುಳಿಗಿ ನುಂಗಿದ್ರ ಕೂಸು ದಪ್ಪ ಆಗ್ತದ, ಹಡಿಯಾಗ ತ್ರಾಸ ಆಗ್ತದ ಅಂತ ಅತ್ತಿ ಅಂತಾರ್ರೀ. ಅದಕ್ಕ ದಿನಾ ತಗೊಳ್ಳಂಗಿಲ್ಲ." ಪಡಸಾಲೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ಮೊದಲನೆಯ ಉತ್ತರವನ್ನೇ ನಂಬಿದರೆ ಥೀಮ್‌ನ ಹೆಸರು "ಮರೆವು" ಎಂದಾಗುತ್ತದೆ, ಇಲಾಖೆಗೆ ಕೊಡುವ ಸಲಹೆ ಮೊಬೈಲಿಗೆ ನೆನಪಿನ ಸಂದೇಶ ಕಳಿಸಿ ಎಂದಾಗುತ್ತದೆ. ಎರಡನೆಯದನ್ನು ನಂಬಿದರೆ ಸಮಸ್ಯೆ ಮನೆಯೊಳಗಿನ ತೀರ್ಮಾನದ್ದು, ಮಾತಾಡಬೇಕಾದದ್ದು ಅತ್ತೆಯ ಜೊತೆ. 180 ದಿನ ದಿನಕ್ಕೊಂದರಂತೆ ಕೊಡುವ ಮಾತ್ರೆಗಳ ಗತಿ ಏನಾಗುತ್ತದೆ ಎಂಬುದು ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. 20 ಸಂದರ್ಶನಗಳಲ್ಲಿ ಎಷ್ಟರಲ್ಲಿ ಅತ್ತೆ, ಗಂಡ ಅಥವಾ ಆಶಾ ಕಾರ್ಯಕರ್ತೆ ಪಕ್ಕದಲ್ಲಿದ್ದರು ಎಂದು ಬರೆಯದಿದ್ದರೆ "ಮರೆವು" ಎಂಬ ಥೀಮ್ ನಿಂತ ನೆಲ ಎಷ್ಟು ಗಟ್ಟಿ ಎಂದು ಓದುಗರು ಹೇಳಲಾರರು.

13ನೇ ಅಂಶವೂ ಇಷ್ಟೇ ಮುಖ್ಯ. ಬರಲು ಒಪ್ಪದವರು ಎಷ್ಟು, ಕಾರಣವೇನು? 26 ಜನರನ್ನು ಕೇಳಿದ್ದೆವು, ಇಬ್ಬರು ತವರಿಗೆ ಹೋಗಿದ್ದರು, ನಾಲ್ವರ ಮನೆಯವರು ಬೇಡವೆಂದರು ಎಂದು ಒಂದು ಸಾಲು ಬರೆದರೆ, ಅತಿ ಹೆಚ್ಚು ಕಟ್ಟುಪಾಡಿರುವ ಮನೆಗಳೇ ಅಧ್ಯಯನದಿಂದ ಹೊರಗುಳಿದವು ಎಂಬುದು ತಾನಾಗಿ ಗೊತ್ತಾಗುತ್ತದೆ. ಬರೆಯಲು ಹೆಚ್ಚು ಶ್ರಮವಿಲ್ಲದ ಸಾಲು ಇದು. ಆದರೆ ಸಂದರ್ಶನದ ಹೊತ್ತಿನಲ್ಲಿ ಲೆಕ್ಕ ಇಡದಿದ್ದರೆ ಆಮೇಲೆ ಬರೆಯಲಾಗದು. ಆದ್ದರಿಂದ ಕೋರೆಕ್ ಪಟ್ಟಿಯನ್ನು ಪ್ರಬಂಧ ಸಲ್ಲಿಸುವ ರಾತ್ರಿ ತೆರೆಯದೆ ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ಮುಂದಿಟ್ಟುಕೊಂಡವರಿಗೆ ಮಾತ್ರ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮಣಿಪಾಲದ ಸಂಶೋಧಕರು ಸೇರಿದ್ದ ತಂಡವೊಂದು ಭಾರತದ ಸಾರ್ವಜನಿಕ ಆರೋಗ್ಯ ಕ್ಷೇತ್ರದ ಎರಡು ದಶಕಗಳ ಗುಣಾತ್ಮಕ ಪ್ರಬಂಧಗಳನ್ನು ಇದೇ ಪಟ್ಟಿ ಹಿಡಿದು ಪರಿಶೀಲಿಸಿತ್ತು. ವರದಿಗಳಲ್ಲಿ ಬಿಟ್ಟುಹೋದದ್ದು ಬಹಳವಿದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಪಟ್ಟಿಯ ಬಗ್ಗೆ ಎಷ್ಟೇ ತಕರಾರಿದ್ದರೂ, ಅದು ತೋರಿಸುವ ಕೊರತೆ ಕಲ್ಪಿತವಲ್ಲ.

## ಪಟ್ಟಿಯೇ ವಿಧಾನವನ್ನು ಎಳೆದೊಯ್ಯುತ್ತದೆ ಎನ್ನುವವರು

ಕೋರೆಕ್ ಬರುವ ಆರು ವರ್ಷ ಮೊದಲೇ, 2001ರಲ್ಲಿ, ರೋಸಲಿನ್ ಬಾರ್ಬರ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಕೆಯ ಲೇಖನ ಬರೆದಿದ್ದರು. ಉದ್ದೇಶಪೂರ್ವಕ ಆಯ್ಕೆ, ಗ್ರೌಂಡೆಡ್ ಥಿಯರಿ, ಒಂದಕ್ಕಿಂತ ಹೆಚ್ಚು ಜನರಿಂದ ಕೋಡಿಂಗ್, ಹಲವು ಮೂಲಗಳ ತಾಳೆ, ಸಂದರ್ಶಿತರಿಗೆ ಮರಳಿ ತೋರಿಸುವುದು: ಈ ಐದನ್ನು ಪ್ರಬಂಧದಲ್ಲಿ ಹೆಸರಿಸಿದರೆ ಸಾಕು, ಕೆಲಸ ಕಟ್ಟುನಿಟ್ಟಾಗಿದೆ ಎಂದು ಒಪ್ಪುವ ಅಭ್ಯಾಸ ಶುರುವಾಗಿದೆ ಎಂಬುದು ಅವರ ಆತಂಕ. ಯಾವುದನ್ನು ಯಾಕೆ ಮಾಡಿದರು, ಅದರಿಂದ ಅರ್ಥೈಸುವಿಕೆ ಹೇಗೆ ಬದಲಾಯಿತು ಎಂಬ ವಿವರಣೆ ಇಲ್ಲದಿದ್ದರೆ ಆ ಹೆಸರುಗಳು ಬರೀ ಅಲಂಕಾರ.

ಈ ಆತಂಕ ಕೋರೆಕ್‌ನಲ್ಲಿ ಎಲ್ಲಿ ನಿಜವಾಗುತ್ತದೆ ಎಂಬುದಕ್ಕೆ 22ನೇ ಅಂಶ ಒಳ್ಳೆಯ ಉದಾಹರಣೆ. ಸ್ಯಾಚುರೇಶನ್ ಬಗ್ಗೆ ಚರ್ಚಿಸಿದ್ದೀರಾ ಎಂದು ಅದು ಕೇಳುತ್ತದೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಈ ಪರಿಕಲ್ಪನೆ ತಂದಾಗ ಅದು ಗ್ರೌಂಡೆಡ್ ಥಿಯರಿಯ ಒಳಗಿನ ಮಾತಾಗಿತ್ತು. ಮಾಹಿತಿ ಸಂಗ್ರಹ ಮತ್ತು ವಿಶ್ಲೇಷಣೆ ಒಟ್ಟಿಗೇ ನಡೆಯುತ್ತವೆ, ಕಟ್ಟುತ್ತಿರುವ ಸಿದ್ಧಾಂತದ ಒಂದು ಅಂಶಕ್ಕೆ ಹೊಸ ಸಂದರ್ಶನ ಹೊಸದೇನನ್ನೂ ಸೇರಿಸದಾದಾಗ ಅಲ್ಲಿಗೆ ನಿಲ್ಲಿಸಬಹುದು ಎಂಬುದು ಅದರ ಅರ್ಥ. ಕಾಲಕ್ರಮದಲ್ಲಿ ಆ ಅರ್ಥ ಸವೆದು "ಸಾಕಷ್ಟು ಜನರನ್ನು ಕೇಳಿದೆವು" ಎಂಬಲ್ಲಿಗೆ ಬಂದು ನಿಂತಿತು. 2006ರಲ್ಲಿ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳನ್ನು ಹಂತಹಂತವಾಗಿ ವಿಶ್ಲೇಷಿಸಿ, ಮೊದಲ 12ರ ಹೊತ್ತಿಗೆ ಹೊಸ ಕೋಡ್‌ಗಳು ಬಹುಮಟ್ಟಿಗೆ ನಿಂತವೆಂದು ತೋರಿಸಿದರು. ಅದು ಸಾಕಷ್ಟು ಏಕರೂಪದ ಗುಂಪಿಗೆ, ಒಂದೇ ಕ್ರಮದ ಪ್ರಶ್ನೆಗಳಿಗೆ ಸಂಬಂಧಿಸಿದ ಮಾತು. ಆದರೆ ಎಷ್ಟೋ ಪ್ರಬಂಧಗಳಲ್ಲಿ 12 ಎಂಬುದು ಮಂತ್ರಸಂಖ್ಯೆಯಂತೆ ಬಂದು ಕೂರುತ್ತದೆ.

ನಾರ್ವೆಯ ಕಿರ್ಸ್ಟಿ ಮಾಲ್ಟೆರುಡ್ ಮತ್ತು ಸಂಗಡಿಗರು 2016ರಲ್ಲಿ ಬೇರೆ ದಾರಿ ಸೂಚಿಸಿದರು. ಪ್ರಶ್ನೆ ಎಷ್ಟು ಕಿರಿದು, ಜನರ ಅನುಭವ ಆ ಪ್ರಶ್ನೆಗೆ ಎಷ್ಟು ಹತ್ತಿರ, ಹಿಂದೆ ಸಿದ್ಧಾಂತವಿದೆಯೇ, ಸಂಭಾಷಣೆ ಎಷ್ಟು ಆಳಕ್ಕಿಳಿಯಿತು, ವಿಶ್ಲೇಷಣೆ ಯಾವ ಬಗೆಯದು ಎಂದು ನೋಡಿ ಸಂಖ್ಯೆ ನಿರ್ಧರಿಸಿ ಎಂಬುದು ಅವರ ಸಲಹೆ. ಯಾದಗಿರಿಯ ತಂಡ 20ಕ್ಕೆ ನಿಲ್ಲಿಸಿದ್ದು ಯೋಜನೆಯ ಹಣ ಅಲ್ಲಿಗೆ ಮುಗಿದಿದ್ದರಿಂದ ಎಂದಾದರೆ ಅದನ್ನೇ ಬರೆಯಬಹುದು: 20 ಸಂದರ್ಶನಗಳೆಂದು ಮೊದಲೇ ನಿಗದಿಯಾಗಿತ್ತು, ಅತ್ತೆಯರ ಪಾತ್ರದ ಬಗ್ಗೆ ಕೊನೆಯ ಆರರಲ್ಲಿ ಹೊಸದು ಬರಲಿಲ್ಲ, ಆದರೆ ವಲಸೆ ಹೋಗುವ ಕುಟುಂಬಗಳ ಬಗ್ಗೆ ಇನ್ನೂ ಹೊಸ ಸಂಗತಿಗಳು ಬರುತ್ತಲೇ ಇದ್ದವು. "ಸ್ಯಾಚುರೇಶನ್ ತಲುಪಲಾಯಿತು" ಎಂಬ ಎರಡು ಪದಗಳಿಗಿಂತ ಈ ವಾಕ್ಯ ಹೆಚ್ಚು ಪಾರದರ್ಶಕ. ಪಟ್ಟಿಯ ಚೌಕವೂ ಇದರಿಂದ ತುಂಬುತ್ತದೆ. ಯಾಕೆಂದರೆ ಅದು ಕೇಳುವುದು ಚರ್ಚೆಯನ್ನು, ಹೌದು ಎಂಬ ಉತ್ತರವನ್ನಲ್ಲ.

## ಇಬ್ಬರು ಕೋಡ್ ಮಾಡಿದರೆ ಸತ್ಯ ಹತ್ತಿರವಾಗುತ್ತದೆಯೇ

ಮೂರನೆಯ ಗುಂಪಿನವರ ಪ್ರಶ್ನೆ ಇನ್ನೂ ಒಳಗಿನದು. ನ್ಯೂಜಿಲೆಂಡಿನ ವರ್ಜೀನಿಯಾ ಬ್ರಾನ್ ಮತ್ತು ಬ್ರಿಟನ್ನಿನ ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಬರೆದ ಥೀಮ್ಯಾಟಿಕ್ ಅನಾಲಿಸಿಸ್ ಲೇಖನವನ್ನು ಉಲ್ಲೇಖಿಸದ ಸಂದರ್ಶನ ಪ್ರಬಂಧ ಈಗ ಅಪರೂಪ. ಅವರ ನಿಲುವಿನಲ್ಲಿ ಥೀಮ್‌ಗಳು ಮಾಹಿತಿಯೊಳಗೆ ಮೊದಲೇ ಅಡಗಿದ್ದು ಹೊರಬರುವಂಥವಲ್ಲ, ಸಂಶೋಧಕರು ತಮ್ಮ ಹಿನ್ನೆಲೆ ಮತ್ತು ಓದಿನೊಂದಿಗೆ ಕಟ್ಟುವಂಥವು. ಹಾಗಿದ್ದರೆ ಎಷ್ಟು ಜನ ಕೋಡ್ ಮಾಡಿದರು ಎಂಬ 24ನೇ ಅಂಶ, ಕೋಡ್‌ಗಳ ಮರವನ್ನು ತೋರಿಸಿ ಎಂಬ 25ನೇ ಅಂಶ ಏನನ್ನು ಅಳೆಯುತ್ತವೆ? ಇಬ್ಬರು ಸ್ವತಂತ್ರವಾಗಿ ಕೋಡ್ ಮಾಡಿ, ಎಷ್ಟು ತಾಳೆಯಾಯಿತೆಂದು ಲೆಕ್ಕ ಹಾಕುವುದು, ಸರಿಯಾದ ಉತ್ತರ ಒಂದೇ ಇದೆ ಎಂಬ ನಂಬಿಕೆಯ ಮೇಲೆ ನಿಂತ ಕೆಲಸ. ಆ ನಂಬಿಕೆ ಇಟ್ಟು ಮಾಡುವ ವಿಶ್ಲೇಷಣೆಗಳೂ ಇವೆ, ಅವುಗಳಿಗೆ ಆ ಲೆಕ್ಕ ಬೇಕು. ಇಲ್ಲದ ಕಡೆ ಅದನ್ನು ಕೇಳಿದರೆ ಬರೆಯುವವರು ಮಾಡದ ಕೆಲಸವನ್ನು ಮಾಡಿದಂತೆ ಬರೆಯಬೇಕಾಗುತ್ತದೆ, ಅಥವಾ ನಂಬದ ವಿಧಾನವನ್ನು ಅನುಸರಿಸಬೇಕಾಗುತ್ತದೆ. ಬ್ರಾನ್ ಮತ್ತು ಕ್ಲಾರ್ಕ್ ಕೋರೆಕ್ ಬಗ್ಗೆಯೇ ವಿಮರ್ಶೆ ಬರೆದು, ತಮ್ಮ ವಿಧಾನಕ್ಕೆ ಒಪ್ಪುವ ಬೇರೆ ವರದಿ ಮಾರ್ಗಸೂಚಿಯನ್ನು 2024ರಲ್ಲಿ ಪ್ರಕಟಿಸಿದ್ದಾರೆ.

ಇಂಥ ಬೆರಕೆ ಪ್ರಬಂಧವನ್ನು ಗುರುತಿಸುವುದು ಕಷ್ಟವಲ್ಲ. ವಿಧಾನದ ಭಾಗದಲ್ಲಿ ಬ್ರಾನ್ ಮತ್ತು ಕ್ಲಾರ್ಕ್ ಹೆಸರಿರುತ್ತದೆ. ಮುಂದಿನ ಸಾಲಿನಲ್ಲೇ ಇಬ್ಬರ ಕೋಡಿಂಗ್ ತಾಳೆಯ ಕಪ್ಪಾ ಸಂಖ್ಯೆ ಇರುತ್ತದೆ, ಕೊನೆಗೆ "ಥೀಮ್‌ಗಳು ಹೊರಹೊಮ್ಮಿದವು" ಎಂಬ ಮಾತಿರುತ್ತದೆ. ಮೂರೂ ಒಂದೇ ತತ್ವದಿಂದ ಬಂದವಲ್ಲ. ಪಟ್ಟಿಯಲ್ಲಿ ಎಲ್ಲ ಚೌಕಗಳೂ ತುಂಬಿರುತ್ತವೆ, ಅಧ್ಯಯನ ಯಾವ ನೆಲದ ಮೇಲೆ ನಿಂತಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಯಾದಗಿರಿ ತಂಡದಲ್ಲಿ ಇಬ್ಬರು ಓದಿ ಕೂಡಿ ಚರ್ಚಿಸಿದ್ದರೆ, ಒಬ್ಬರಿಗೆ "ಮರೆವು" ಎಂದು ಕಂಡದ್ದು ಆ ಸೀಮೆಯಲ್ಲೇ ಸೊಸೆಯಾಗಿ ಬಾಳಿದ ಇನ್ನೊಬ್ಬರಿಗೆ ನಯವಾಗಿ ಮಾತು ಜಾರಿಸಿದಂತೆ ಕಂಡಿತು, ಆ ಭಿನ್ನತೆಯಿಂದಲೇ ಎರಡನೆಯ ಸಂದರ್ಶನಕ್ಕೆ ಹೋದೆವು ಎಂದು ಬರೆಯುವುದು ಯಾವ ಸಂಖ್ಯೆಗಿಂತಲೂ ಹೆಚ್ಚು ಹೇಳುತ್ತದೆ.

23 ಮತ್ತು 28ನೇ ಅಂಶಗಳು ಮಾತಾಡಿದವರಿಗೆ ಬರಹವನ್ನೂ ಫಲಿತಾಂಶವನ್ನೂ ಮರಳಿ ತೋರಿಸಿದಿರಾ ಎಂದು ಕೇಳುತ್ತವೆ. ಲಿಂಕನ್ ಮತ್ತು ಗೂಬಾ 1985ರಲ್ಲಿ ವಿಶ್ವಾಸಾರ್ಹತೆಯ ಮುಖ್ಯ ಪರೀಕ್ಷೆಯೆಂದು ಎತ್ತಿಹಿಡಿದ ಕ್ರಮವಿದು. ನಮ್ಮ ಉದಾಹರಣೆಯಲ್ಲಿ ಇದು ಅಪಾಯಕ್ಕೂ ದಾರಿಯಾಗಬಹುದು. ಅತ್ತೆಯ ಬಗ್ಗೆ ಹೇಳಿದ ಮಾತಿನ ಹಾಳೆಯನ್ನು ಅದೇ ಮನೆಗೆ ಒಯ್ಯುವುದು ಹೇಗೆ? ಓದು ಬಾರದವರಿಗೆ ಓದಿ ಹೇಳುವವರು ಯಾರು? "ಮರಳಿ ತೋರಿಸಲಿಲ್ಲ, ಕಾರಣ ಇದು" ಎಂಬುದೂ ಪೂರ್ಣ ಉತ್ತರವೇ. ವಿಮರ್ಶಕರು ಅದನ್ನು ಕೊರತೆಯೆಂದು ಗುರುತು ಹಾಕಿದರೆ ತಪ್ಪು ಅವರ ಓದಿನದು.

## ಬೇರೆ ಪಟ್ಟಿಗಳು, ಮತ್ತು ಪಟ್ಟಿಯ ಮೂಲದ ಮೇಲಿನ ಪ್ರಶ್ನೆ

2014ರಲ್ಲಿ ಬ್ರಿಜೆಟ್ ಒಬ್ರಯನ್ ಮತ್ತು ಸಂಗಡಿಗರು 21 ಅಂಶಗಳ ಎಸ್ಆರ್‌ಕ್ಯೂಆರ್ ಎಂಬ ಮಾನದಂಡ ಪ್ರಕಟಿಸಿದರು. ಅದು ಸಂದರ್ಶನಕ್ಕೆ ಸೀಮಿತವಲ್ಲ, ಎಲ್ಲ ಗುಣಾತ್ಮಕ ವಿಧಾನಗಳಿಗೂ ಹೊಂದುವಷ್ಟು ಸಡಿಲ. ನೈತಿಕ ಅನುಮೋದನೆ ಮತ್ತು ಒಪ್ಪಿಗೆಯ ಬಗ್ಗೆ ಅದರಲ್ಲಿ ಪ್ರತ್ಯೇಕ ಅಂಶವಿದೆ, ಕೋರೆಕ್‌ನ 32ರಲ್ಲಿ ಅದಿಲ್ಲ. ಸಡಿಲವಾದಷ್ಟೂ ಜಾರಿಕೊಳ್ಳುವುದು ಸುಲಭ ಎಂಬುದು ಅದರ ಮಿತಿ. ಪಕ್ಕದಲ್ಲಿ ಯಾರಿದ್ದರು ಎಂದು ಕೋರೆಕ್ ನೇರವಾಗಿ ಕೇಳುವಂತೆ ಅದು ಕೇಳುವುದಿಲ್ಲ. 2018ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘವೂ ತನ್ನದೇ ಮಾನದಂಡ ತಂದಿತು.

2020ರಲ್ಲಿ ನೀಲ್ಸ್ ಬೂಸ್ ಮತ್ತು ಅಮೆಲಿ ಪೆರ್ರೋನ್ ಬೇರೊಂದು ಕೆಲಸ ಮಾಡಿದರು. ಮೂಲ ಪಟ್ಟಿಗಳಿಂದ 32 ಅಂಶಗಳಿಗೆ ಬಂದ ದಾರಿಯನ್ನು ತಾವೇ ಮತ್ತೆ ನಡೆದು ನೋಡಲು ಹೊರಟರು. ಪ್ರಕಟವಾದ ವಿವರಗಳನ್ನಷ್ಟೇ ಹಿಡಿದು ಅದೇ ಜಾಗಕ್ಕೆ ತಲುಪುವುದು ಅವರಿಗೆ ಸಾಧ್ಯವಾಗಲಿಲ್ಲ. ಪಟ್ಟಿ ರೂಪಿಸಿದ ಕ್ರಮವೇ ಸಾಕಷ್ಟು ವಿವರವಾಗಿ ವರದಿಯಾಗಿಲ್ಲ ಎಂಬ ಈ ಟೀಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗೆಂದು 13 ಮತ್ತು 15ನೇ ಅಂಶಗಳಂಥ ಪ್ರಶ್ನೆಗಳ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ಪ್ರಶ್ನೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದಕ್ಕೆ ಸಿಗುವ ಉತ್ತರ ಓದುಗರಿಗೆ ಏನು ತಿಳಿಸುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಪಟ್ಟಿ ತುಂಬುವ ರೂಢಿಯ ಬಗ್ಗೆಯೂ ಒಂದು ಮಾತು. ಪ್ರತಿ ಅಂಶದ ಎದುರು ಪುಟಸಂಖ್ಯೆ ಬರೆಯುವ ಖಾನೆ ಇರುತ್ತದೆ. 5ನೇ ಅಂಶದ ಎದುರು "ಪುಟ 4" ಎಂದಿದ್ದು, ನಾಲ್ಕನೇ ಪುಟ ತೆರೆದರೆ "ತರಬೇತಿ ಪಡೆದ ಸಂದರ್ಶಕರು" ಎಂಬ ಪದಗಳಷ್ಟೇ ಸಿಕ್ಕರೆ ಖಾನೆ ತುಂಬಿದೆ, ಉತ್ತರ ಬಂದಿಲ್ಲ. ಯಾರಿಂದ, ಎಷ್ಟು ದಿನ, ಯಾವುದರ ತರಬೇತಿ? ಅಣಕು ಸಂದರ್ಶನ ಮಾಡಿಸಿದರೇ? ವಿಮರ್ಶಕರು ನಾಲ್ಕೈದು ಪುಟಸಂಖ್ಯೆಗಳನ್ನು ಹೀಗೆ ತೆರೆದು ನೋಡಿದರೂ ಸಾಕು, ಉಳಿದವು ಎಂಥವೆಂದು ಅಂದಾಜು ಸಿಗುತ್ತದೆ.

## ಇನ್ನೂ ಇತ್ಯರ್ಥವಾಗದವು

ಕೋರೆಕ್‌ನ 32 ಅಂಶಗಳಲ್ಲಿ ಸಂದರ್ಶನ ಯಾವ ಭಾಷೆಯಲ್ಲಿ ನಡೆಯಿತು ಎಂಬ ಪ್ರಶ್ನೆಯೇ ಇಲ್ಲ. ಕನ್ನಡದಲ್ಲೋ ಲಂಬಾಣಿಯಲ್ಲೋ ಉರ್ದುವಿನಲ್ಲೋ ನಡೆದ ಮಾತು ಇಂಗ್ಲಿಷಿನ ಉಲ್ಲೇಖವಾಗಿ ಅಚ್ಚಾಗುತ್ತದೆ. ನಡುವೆ ಅನುವಾದ ಮಾಡಿದವರು ಯಾರು, ಅದನ್ನು ಯಾರು ಪರಿಶೀಲಿಸಿದರು, ಕೋಡಿಂಗ್ ನಡೆದದ್ದು ಮೂಲದ ಮೇಲೋ ಅನುವಾದದ ಮೇಲೋ ಎಂಬುದು ವರದಿಯಿಂದ ಬಿಟ್ಟುಹೋದರೂ ಪಟ್ಟಿ ಎಚ್ಚರಿಸುವುದಿಲ್ಲ. ಇದಕ್ಕೊಂದು ಹೊಸ ಅಂಶ ಸೇರಿಸಬೇಕೇ, ಈಗಿರುವವುಗಳ ಅಡಿಯಲ್ಲೇ ಬರೆಯಬೇಕೇ ಎಂಬುದು ನಮ್ಮಂಥ ಬಹುಭಾಷಾ ನಾಡುಗಳ ಸಂಶೋಧಕರು ಎತ್ತಬೇಕಾದ ಪ್ರಶ್ನೆ.

ತಂಡದ ಪರಿಚಯದಲ್ಲಿ ಲಿಂಗವನ್ನು ಕೇಳಿದ ಪಟ್ಟಿ ಜಾತಿಯನ್ನು ಕೇಳುವುದಿಲ್ಲ. ಕೇರಿಯ ಮನೆಯಲ್ಲಿ ಕೂತು ಪ್ರಶ್ನೆ ಕೇಳುವವರ ಜಾತಿ ಉತ್ತರವನ್ನು ಬದಲಿಸಬಹುದೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಿಲ್ಲ. 8ನೇ ಅಂಶದಲ್ಲಿ ಅದಕ್ಕೆ ಜಾಗವಿದೆ. ಆದರೆ ಸಂಶೋಧಕರು ತಮ್ಮ ಜಾತಿಯನ್ನು ಅಚ್ಚಿನಲ್ಲಿ ಹೇಳಲೇಬೇಕೆಂಬ ನಿಯಮ ಮಾಡಿದರೆ, ದಲಿತ ಸಂಶೋಧಕರಿಗೆ ಆಗುವ ತೊಂದರೆಗೆ ಹೊಣೆ ಯಾರು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ.

ಕೊನೆಯದಾಗಿ, ಪಾರದರ್ಶಕತೆ ಮತ್ತು ಗೋಪ್ಯತೆ ಎದುರಾಬದುರಾಗುವ ಜಾಗ. 16ನೇ ಅಂಶ ಭಾಗವಹಿಸಿದವರ ವಿವರ ಕೇಳುತ್ತದೆ, 29ನೆಯದು ಪ್ರತಿ ಉಲ್ಲೇಖವನ್ನು ಒಬ್ಬೊಬ್ಬರಿಗೆ ಗುರುತಿಸಿ ಎನ್ನುತ್ತದೆ. ಹಳ್ಳಿಯ ಹೆಸರು, ವಯಸ್ಸು, "ಅಂಗನವಾಡಿ ಕಾರ್ಯಕರ್ತೆ" ಎಂಬ ಮೂರು ವಿವರ ಸೇರಿದರೆ ಆ ಊರಿನವರಿಗೆ ಹೆಸರೇ ಸಿಕ್ಕಂತೆ. ವಯಸ್ಸನ್ನು ಅಂದಾಜಿನ ಅಂತರದಲ್ಲಿ ಕೊಡುವುದು, ಊರಿನ ಬದಲು ತಾಲ್ಲೂಕಿನ ಹೆಸರು ಹೇಳುವುದು, ಸಂಖ್ಯೆಯ ಗುರುತನ್ನು ಕೆಲವು ಉಲ್ಲೇಖಗಳಿಂದ ಬೇಕೆಂದೇ ತೆಗೆಯುವುದು ಈಗ ಬಳಕೆಯಲ್ಲಿರುವ ಉಪಾಯಗಳು. ಹಾಗೆ ತೆಗೆದದ್ದನ್ನು ವರದಿಯಲ್ಲಿ ಹೇಳಬೇಕೇ, ಹೇಳಿದರೆ ಎಷ್ಟು ಹೇಳಬೇಕು ಎಂಬುದನ್ನು ಪ್ರತಿ ತಂಡವೂ ತನ್ನ ನೈತಿಕ ಸಮಿತಿಯ ಮುಂದೆ ಹೊಸದಾಗಿ ತೀರ್ಮಾನಿಸಿಕೊಳ್ಳುತ್ತಿದೆ.